ಜನವರಿಯ ಚಿತ್ರಕ್ಕೆ ಜೂನ್ ತಿಂಗಳ ಮಳೆ



ತಮ್ಮ ಊರಿನದೋ ಮನೆತನದ ಕಸುಬಿನದೋ ಕಥೆಯನ್ನು ಹತ್ತು ಹದಿನೈದು ನಿಮಿಷದ ಸಾಕ್ಷ್ಯಚಿತ್ರವಾಗಿ ಮಾಡುವ ಹುಡುಗ ಹುಡುಗಿಯರು ಈಗ ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಕ್ಯಾಮೆರಾ ಸಿಗುತ್ತದೆ, ಸಂಕಲನದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಸಿಗದೆ ಹೋಗುವುದು ಕಾಲ. ಚಿತ್ರೀಕರಣ ಮುಗಿಸಿ ಎಡಿಟಿಂಗಿಗೆ ಕೂತಾಗ, ಕಥೆಗೆ ಬೇಕೇ ಬೇಕಾದ ಒಂದು ದೃಶ್ಯ ತಮ್ಮ ಬಳಿ ಇಲ್ಲ ಎಂಬುದು ಗೊತ್ತಾಗುತ್ತದೆ. ಆ ದೃಶ್ಯದ ಕಾಲ ಆಗಲೇ ದಾಟಿಹೋಗಿರುತ್ತದೆ. ಅಂಥ ಜಾಗವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಸ್ಟಾಕ್ ತುಣುಕುಗಳಿಂದ ತುಂಬುವುದು ಹೇಗೆ, ಅವು ನಮ್ಮ ಚಿತ್ರದಲ್ಲಿ ಬೇರೆಯಾಗಿ ಎದ್ದು ಕಾಣದಂತೆ ಹೊಂದಿಸುವುದು ಹೇಗೆ ಎಂಬುದನ್ನು ಒಂದೇ ಒಂದು ಚಿತ್ರವನ್ನು ಇಟ್ಟುಕೊಂಡು ಹೇಳುತ್ತೇನೆ.

ತೀರ್ಥಹಳ್ಳಿ ಕಡೆಯ ಒಬ್ಬ ತರುಣಿ ತನ್ನ ಅಜ್ಜನ ಅಡಿಕೆ ತೋಟದ ಬಗ್ಗೆ ಚಿತ್ರ ಮಾಡುತ್ತಿದ್ದಳು. ಚಿತ್ರೀಕರಣ ನಡೆದದ್ದು ಜನವರಿಯಲ್ಲಿ, ಕೊಯ್ಲಿನ ಹೊತ್ತಿಗೆ. ಅಂಗಳದಲ್ಲಿ ಒಣಗುವ ಅಡಿಕೆ, ಮರ ಹತ್ತುವ ಕೊನೆಗಾರ, ಸುಲಿಯುವ ಹೆಂಗಸರು, ಎಲ್ಲವೂ ಚೆನ್ನಾಗಿ ಬಂದಿತ್ತು. ಅಜ್ಜನ ಮಾತಿನ ತಿರುಳು ಮಾತ್ರ ಕೊಯ್ಲಲ್ಲ, ಕೊಳೆ ರೋಗ. ಮಳೆಗಾಲದಲ್ಲಿ ಎಳೆಕಾಯಿಗೆ ಬರುವ ಈ ರೋಗಕ್ಕೆ ತೋಟದವರು ಮಳೆ ಹಿಡಿಯುವ ಮೊದಲೇ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಆಮೇಲೆ ಮಳೆಗೆ ಬಿಡುವು ಸಿಕ್ಕಾಗ ಮತ್ತೊಮ್ಮೆ ಹೊಡೆಯಬೇಕು. ಬಿಡುವೇ ಸಿಗದೆ ಹೋದರೆ ಕಾಯಿ ಉದುರುತ್ತದೆ. ಅಜ್ಜ ಕ್ಯಾಮೆರಾದ ಮುಂದೆ ಹೇಳಿದ್ದು ಹೀಗೆ: "ಮಳೆ ಹಿಡೀತು ಅಂದ್ರೆ ಎಂಟು ದಿನ ಬಿಡೂದಿಲ್ಲ ಮಗಾ. ರಾತ್ರಿ ಮಲಗಿದಲ್ಲೇ ಕಾಯಿ ಉದುರಿದ್ದು ಕೇಳ್ತದೆ. ಎದ್ದು ಹೋಗಿ ಮಾಡೂದೇನು?" ಈ ಮಾತಿನ ಹಿಂದುಮುಂದೆ ಸೇರಿ ಸುಮಾರು ನಲವತ್ತು ಸೆಕೆಂಡು. ಆ ನಲವತ್ತು ಸೆಕೆಂಡಿಗೆ ಅವಳ ಬಳಿ ಇದ್ದದ್ದು ಅಜ್ಜನ ಮುಖ ಮಾತ್ರ, ಅದೂ ಜನವರಿಯ ಬಿಸಿಲಿನಲ್ಲಿ. ಒಂದು ಹನಿ ಮಳೆಯೂ ಇರಲಿಲ್ಲ. ಚಿತ್ರವನ್ನು ಮಾರ್ಚಿನಲ್ಲಿ ಒಪ್ಪಿಸಬೇಕಿತ್ತು.

ಬೇರೆ ಯಾರೋ ತೆಗೆದದ್ದನ್ನು ತಂದು ನಮ್ಮದರ ಪಕ್ಕ ಇಡುವುದು ಸಿನಿಮಾದಲ್ಲಿ ಹೊಸ ಉಪಾಯವಲ್ಲ. ರಷ್ಯಾದ ಲೆವ್ ಕುಲೆಶೋವ್ 1920ರ ದಶಕದ ಆರಂಭದಲ್ಲೇ ಇದನ್ನು ಪ್ರಯೋಗವಾಗಿ ಮಾಡಿದ್ದ. ಮಾಸ್ಕೋದ ಬೀದಿಗಳಲ್ಲಿ ನಡೆಯುವ ಪಾತ್ರಗಳನ್ನು ಚಿತ್ರಿಸಿ, ನಡುವೆ ಒಂದು ಅಮೆರಿಕನ್ ಚಿತ್ರದಿಂದ ಕತ್ತರಿಸಿದ ವಾಷಿಂಗ್ಟನ್ನಿನ ಶ್ವೇತಭವನದ ತುಣುಕನ್ನು ಸೇರಿಸಿದ. ನೋಡಿದವರಿಗೆ ಆ ಕಟ್ಟಡ ಮಾಸ್ಕೋದಲ್ಲೇ ಇದ್ದಂತೆ ಕಂಡಿತು. ಎರಡು ದೃಶ್ಯಗಳು ಒಂದರ ಹಿಂದೆ ಒಂದು ಬಂದರೆ ಅವು ಒಂದೇ ಜಾಗದವು ಎಂದು ನಮ್ಮ ಮನಸ್ಸು ತಾನಾಗಿಯೇ ನಂಬುತ್ತದೆ. ಕಥಾಚಿತ್ರದಲ್ಲಿ ಈ ನಂಬಿಕೆಯನ್ನು ಬೇಕಾದಂತೆ ಬಳಸಿಕೊಳ್ಳಬಹುದು. ಸಾಕ್ಷ್ಯಚಿತ್ರದಲ್ಲಿ ಅದಕ್ಕೊಂದು ಗಡಿ ಹಾಕಿಕೊಳ್ಳಲೇಬೇಕು.

ಸಂಕಲನಕ್ಕೆ ಜೊತೆಯಾದ ನಾನೂ ಅವಳೂ ಮೊದಲು ಕೂತು ತೀರ್ಮಾನಿಸಿದ್ದು ಆ ಗಡಿಯನ್ನೇ. ಮಳೆ ಎಂದರೆ ಮಳೆ. ಅದು ಎಲ್ಲಿ ಸುರಿದರೂ ಅಜ್ಜನ ಮಾತಿಗೆ ಮೋಸವಾಗುವುದಿಲ್ಲ. ಮೋಡ, ಎಲೆಯ ಮೇಲೆ ಬೀಳುವ ಹನಿ, ಸೂರಿನಿಂದ ಇಳಿಯುವ ನೀರು, ಇವನ್ನು ಹೊರಗಿನಿಂದ ತರಬಹುದು. ಕೊಳೆ ಹಿಡಿದ ಕಾಯಿಯನ್ನು, ಉದುರಿ ಬಿದ್ದ ಫಸಲನ್ನು, ಔಷಧಿ ಹೊಡೆಯುವ ಕೈಯನ್ನು ತರುವಂತಿಲ್ಲ. ಅವು ಅಜ್ಜನ ನಷ್ಟದ ಸಾಕ್ಷಿ. ಇನ್ನೊಬ್ಬರ ತೋಟದ, ಇನ್ನೊಂದು ದೇಶದ ಕೊಳೆತ ಕಾಯಿಯನ್ನು ತೋರಿಸಿ ಇದು ಅಜ್ಜನದು ಎಂದು ನಂಬಿಸಿದರೆ ಅದು ಸುಳ್ಳು ಸಾಕ್ಷಿಯೇ. ಆ ಜಾಗಕ್ಕೆ ಅವಳು ನೆರೆಮನೆಯವರ ಮೊಬೈಲುಗಳಲ್ಲಿ ಹುಡುಕಿದಳು. ಹಿಂದಿನ ಆಗಸ್ಟಿನಲ್ಲಿ ಯಾರೋ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದ, ಅದೇ ತೋಟದ ನೆಲದ ಮೇಲೆ ಹರಡಿ ಬಿದ್ದ ಕಾಯಿಗಳ ಒಂದು ಮಸುಕು ವಿಡಿಯೊ ಸಿಕ್ಕಿತು. ಅದನ್ನು ಮಸುಕಾಗಿಯೇ, ಮೊಬೈಲಿನ ಉದ್ದನೆಯ ಚೌಕಟ್ಟಿನಲ್ಲೇ ಬಳಸಿದೆವು. ಅದು ಅಲ್ಲಿಯದೇ ಆದ್ದರಿಂದ ಅದರ ಒರಟುತನವೇ ಅದಕ್ಕೆ ಬಲ. ಸ್ಟಾಕ್ ತುಣುಕಿಗೆ ಕೈ ಹಾಕುವ ಮುನ್ನ ಊರಿನವರ ಮೊಬೈಲುಗಳನ್ನು ಕೇಳಿ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಇನ್ನು ಹುಡುಕಾಟ. ಪೆಕ್ಸೆಲ್ಸ್, ಪಿಕ್ಸಾಬೇ ಎಂಬ ತಾಣಗಳಲ್ಲಿ ಉಚಿತ ವಿಡಿಯೊ ತುಣುಕುಗಳು ರಾಶಿ ಇವೆ. ತೆಗೆದವರ ಹೆಸರು ಹಾಕಲೇಬೇಕೆಂಬ ಕಟ್ಟುಪಾಡು ಅಲ್ಲಿಲ್ಲ. ಆದರೂ ತುಣುಕನ್ನು ಇದ್ದ ಹಾಗೆಯೇ ಮಾರುವಂತಿಲ್ಲ, ಗುರುತು ಸಿಗುವ ವ್ಯಕ್ತಿಗೆ ಅವಮಾನವಾಗುವಂತೆ ಬಳಸುವಂತಿಲ್ಲ. ವಿಕಿಮೀಡಿಯಾ ಕಾಮನ್ಸಿನಲ್ಲಿ ಒಂದೊಂದು ತುಣುಕಿಗೂ ಅದರದೇ ಪರವಾನಗಿ ಇರುತ್ತದೆ. ಅಲ್ಲಿ ಕ್ರಿಯೇಟಿವ್ ಕಾಮನ್ಸ್ ಬಗೆಯದಾದರೆ ಬಹುಪಾಲು ಹೆಸರು ಹಾಕಲೇಬೇಕು. ಬೇರೆ ಕಡೆ ಸಿಗುವ ಕ್ರಿಯೇಟಿವ್ ಕಾಮನ್ಸ್ ತುಣುಕುಗಳಲ್ಲಿ ಒಂದು ಬಗೆಯನ್ನು ಮಾತ್ರ ಕಣ್ಣಿಟ್ಟು ನೋಡಿ: ಮಾರ್ಪಾಡು ಮಾಡುವಂತಿಲ್ಲ ಎಂಬ ಷರತ್ತು ಇರುವಂಥದ್ದು. ಬಣ್ಣ ಬದಲಿಸಿ, ಕತ್ತರಿಸಿ, ನಮ್ಮ ಚಿತ್ರದೊಳಗೆ ಸೇರಿಸುವುದೇ ಮಾರ್ಪಾಡು. ಹಾಗಾಗಿ ಅದು ಎಷ್ಟೇ ಚೆನ್ನಾಗಿದ್ದರೂ ನಮ್ಮ ಕೆಲಸಕ್ಕೆ ಬಾರದು. ತುಣುಕು ಇಳಿಸಿಕೊಂಡ ದಿನವೇ ಪರವಾನಗಿ ತೋರಿಸುವ ಪುಟದ ಸ್ಕ್ರೀನ್‌ಶಾಟ್ ತೆಗೆದು ಅದೇ ಫೋಲ್ಡರಿನಲ್ಲಿ ಇಟ್ಟುಕೊಳ್ಳಿ. ನಾಳೆ ಯಾರಾದರೂ ಕೇಳಿದರೆ ಅದೇ ಉತ್ತರ.

ಆಯ್ಕೆಯ ವಿಚಾರಕ್ಕೆ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಆಯ್ಕೆ ತಪ್ಪಿದರೆ ಆಮೇಲೆ ಯಾವ ಬಣ್ಣಗಾರಿಕೆಯೂ ಕಾಪಾಡುವುದಿಲ್ಲ. ಮಳೆ ಎಂದು ಹುಡುಕಿದರೆ ಮೊದಲು ಬರುವುದು ಯುರೋಪಿನ ಕಿಟಕಿ ಗಾಜು, ಕೊಡೆ ಹಿಡಿದು ನಡೆಯುವ ಪೇಟೆಯವರು, ರಸ್ತೆಯ ಬಲಬದಿಯಲ್ಲಿ ಓಡುವ ಕಾರು. ಕಾರು ಬಲಕ್ಕೆ ಓಡಿದರೆ ನಮ್ಮ ನೋಡುಗನಿಗೆ ಅರೆಕ್ಷಣದಲ್ಲಿ ತಿಳಿಯುತ್ತದೆ. ಅದಕ್ಕಿಂತ ನುಸುಳಿ ಬರುವಂಥವು ಸಣ್ಣ ಗುರುತುಗಳು. ಬೆಟ್ಟದ ಅಂಚಿನಲ್ಲಿ ಚೂಪಾದ ಪೈನ್ ಮರ, ಐದು ಬೆರಳು ಬಿಡಿಸಿದಂತಿರುವ ಮೇಪಲ್ ಎಲೆ, ನಮ್ಮಲ್ಲಿಲ್ಲದ ಬಗೆಯ ಬೇಲಿ. ಮಲೆನಾಡಿನವರಿಗೆ ಗಿಡಮರದ ಕಣ್ಣು ಬಹಳ ಚುರುಕು. ಆದ್ದರಿಂದ ನಮ್ಮ ಹುಡುಗಿ ಆದಷ್ಟೂ ದೂರದ ದೃಶ್ಯಗಳನ್ನು ಬಿಟ್ಟು ಹತ್ತಿರದವನ್ನು ಆರಿಸಿದಳು. ಹತ್ತಿರ ಹೋದಷ್ಟೂ ಊರಿನ ಗುರುತು ಕಡಿಮೆಯಾಗುತ್ತದೆ. ಕೊನೆಗೆ ಉಳಿದದ್ದು ಮೂರು ತುಣುಕು: ಕಾಡುಬೆಟ್ಟದ ಮೇಲೆ ಉರುಳುವ ಮೋಡ, ದೊಡ್ಡ ಎಲೆಯ ಮೇಲೆ ಬೀಳುವ ಮಳೆ, ಕಲ್ಲಿನ ಮೆಟ್ಟಿಲ ಮೇಲೆ ಸೂರಿನಿಂದ ಬೀಳುವ ನೀರು. ಮೂರರಲ್ಲೂ ಮನುಷ್ಯರಿಲ್ಲ. ಮೂರರಲ್ಲೂ ಕ್ಯಾಮೆರಾ ಅಲುಗುವುದಿಲ್ಲ, ಏಕೆಂದರೆ ಅವಳು ತನ್ನ ಇಡೀ ಚಿತ್ರವನ್ನು ಟ್ರೈಪಾಡಿನ ಮೇಲಿಟ್ಟು ತೆಗೆದಿದ್ದಳು. ಸ್ಟಾಕ್ ತುಣುಕುಗಳಲ್ಲಿ ಜಾರುವ, ಹಾರುವ ಕ್ಯಾಮೆರಾ ಬಹಳ. ಸ್ಥಿರವಾದ ಚಿತ್ರದ ನಡುವೆ ಅಂಥದ್ದೊಂದು ಬಂದರೆ ಬಣ್ಣ ಎಷ್ಟೇ ಹೊಂದಿದರೂ ಅದು ಜಾಹೀರಾತಿನಿಂದ ಬಂದಂತೆ ಕಾಣುತ್ತದೆ.

ಇನ್ನೊಂದು ಮಾತು. ಬಹಳ ಬಣ್ಣ ಹಚ್ಚಿದ ತುಣುಕನ್ನು ಆರಿಸಬೇಡಿ. ಉಚಿತ ತಾಣಗಳಿಗೆ ತುಣುಕು ಏರಿಸುವವರು ಅದನ್ನು ಚೆಂದ ಮಾಡಿಯೇ ಏರಿಸುತ್ತಾರೆ. ನೆರಳಿಗೆ ನೀಲಿಹಸಿರು, ಬೆಳಕಿಗೆ ಕಿತ್ತಳೆ ಹೊಯ್ದು ಮುಗಿಸಿರುತ್ತಾರೆ. ಆ ಹಚ್ಚಿದ ಬಣ್ಣವನ್ನು ತೆಗೆದು ಮೂಲಕ್ಕೆ ಮರಳಲು ಆಗುವುದಿಲ್ಲ. ಸಪ್ಪೆಯಾಗಿ ಕಾಣುವ ತುಣುಕೇ ನಮಗೆ ಒಳ್ಳೆಯದು.

ತುಣುಕು ಸಿಕ್ಕಿತು. ಬಣ್ಣಕ್ಕೆ ಹೋಗುವ ಮೊದಲು ನೋಡಬೇಕಾದದ್ದು ಚಲನೆ. ವಿಡಿಯೊ ಎಂದರೆ ಒಂದು ಸೆಕೆಂಡಿಗೆ ಇಷ್ಟು ಎಂದು ಓಡುವ ಬಿಡಿಚಿತ್ರಗಳು, ಫ್ರೇಮುಗಳು. ಅವಳ ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮಿನಂತೆ ತೆಗೆದಿತ್ತು. ನಮ್ಮ ಕರೆಂಟು 50 ಹರ್ಟ್ಸಿನದಾದ್ದರಿಂದ ದೀಪ ಮಿನುಗದಂತೆ ಇಲ್ಲಿ ಅದು ಒಳ್ಳೆಯ ಲೆಕ್ಕವೇ. ಸ್ಟಾಕ್ ತುಣುಕುಗಳು ಒಂದೊಂದು ಒಂದೊಂದು ಲೆಕ್ಕದವು. ಮೋಡದ್ದು 24, ಸೂರಿನ ನೀರಿನದು 30, ಎಲೆಯ ಮೇಲಿನ ಮಳೆಯದು 60. ಹಾಗೆಯೇ ಟೈಮ್‌ಲೈನಿನಲ್ಲಿ ಹಾಕಿದರೆ ಸಾಫ್ಟ್‌ವೇರ್ ತನಗೆ ತೋಚಿದಂತೆ ಕೆಲವು ಫ್ರೇಮು ಬಿಡುತ್ತದೆ, ಕೆಲವನ್ನು ಎರಡು ಸಲ ತೋರಿಸುತ್ತದೆ. ಆಗ ಚಲನೆ ತಡವರಿಸುತ್ತದೆ. ನೋಡುಗನಿಗೆ ಕಾರಣ ಹೇಳಲು ಬಾರದು, ಕಣ್ಣಿಗೆ ಮಾತ್ರ ಕಿರಿಕಿರಿ.

24ರದ್ದಕ್ಕೆ ಉಪಾಯ ಸುಲಭ. ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್ ಆಟ್ರಿಬ್ಯೂಟ್ಸ್ ಎಂಬಲ್ಲಿ ಹೋಗಿ ಇದನ್ನು 25 ಎಂದೇ ಓದು ಎಂದು ಹೇಳಿದರೆ ಆಯಿತು. ಒಂದು ಫ್ರೇಮೂ ಕಳೆಯುವುದಿಲ್ಲ, ವೇಗ ಶೇಕಡಾ 4ರಷ್ಟು ಹೆಚ್ಚುತ್ತದೆ. ಮೋಡ ಶೇಕಡಾ 4 ಬೇಗ ಉರುಳಿದರೆ ಯಾರಿಗೂ ತಿಳಿಯದು. 30ರದ್ದನ್ನೂ ಹೀಗೇ 25 ಎಂದು ಓದಿಸಿದೆವು; ನೀರು ಆರರಲ್ಲಿ ಒಂದು ಪಾಲು ನಿಧಾನವಾಯಿತು. ಸೂರಿನ ನೀರಿಗೆ ಅದು ಒಪ್ಪುತ್ತದೆ. ನಡೆಯುವ ಮನುಷ್ಯನಿದ್ದಿದ್ದರೆ ಒಪ್ಪುತ್ತಿರಲಿಲ್ಲ, ನಡಿಗೆ ಭಾರವಾಗಿ ಕಾಣುತ್ತಿತ್ತು.

ತೊಡಕು ಬಂದದ್ದು 60ರ ಮಳೆಯಲ್ಲಿ. ಅದನ್ನು 25 ಎಂದು ಓದಿಸಿದರೆ ವೇಗ ಅರ್ಧಕ್ಕಿಂತ ಕೆಳಗಿಳಿದು ಹನಿಗಳು ತೇಲುತ್ತಾ ಬಂದವು. ನೋಡಲು ಸೊಗಸು, ಅಜ್ಜನ ಮಾತಿಗೆ ಮಾತ್ರ ವಿರುದ್ಧ. ಎಂಟು ದಿನ ಬಿಡದೆ ಹೊಡೆಯುವ ಮಳೆ ಹಾಗೆ ತೇಲುವುದಿಲ್ಲ. ನಿಜವಾದ ವೇಗದಲ್ಲೇ ಇಟ್ಟು ಫ್ರೇಮು ಬಿಡಲು ಬಿಟ್ಟರೆ ಇನ್ನೊಂದು ಕೊರತೆ ಕಂಡಿತು. 60ರಲ್ಲಿ ತೆಗೆಯುವಾಗ ಸಾಮಾನ್ಯವಾಗಿ ಶಟರ್ ಹೆಚ್ಚು ಚುರುಕಾಗಿರುತ್ತದೆ, ಹನಿ ಉದ್ದ ಗೆರೆಯಾಗಿ ಕಾಣದೆ ತುಂಡಾಗಿ ಕಾಣುತ್ತದೆ. ಅವಳ ಕ್ಯಾಮೆರಾದ ಶಟರ್ ಸೆಕೆಂಡಿನ ಐವತ್ತರಲ್ಲಿ ಒಂದು ಭಾಗಕ್ಕಿತ್ತು. ಅದರಲ್ಲಿ ಮಳೆ ತೆಗೆದಿದ್ದರೆ ಉದ್ದುದ್ದ ಗೆರೆ ಬರುತ್ತಿತ್ತು. ಇದಕ್ಕೆ ರೀಟೈಮ್ ಆಯ್ಕೆಯಲ್ಲಿ ಫ್ರೇಮ್ ಬ್ಲೆಂಡ್ ಎಂಬುದನ್ನು ಹಾಕಿದೆವು. ಅದು ಅಕ್ಕಪಕ್ಕದ ಫ್ರೇಮುಗಳನ್ನು ಬೆರೆಸಿ ಒಂದು ಮಾಡುತ್ತದೆ. ಹಾಗೆ ಬೆರೆತಾಗ ಹನಿ ಒಂದರ ಮೇಲೊಂದು ಸೇರಿ ಗೆರೆಯ ಹತ್ತಿರ ಬಂತು. ಆಪ್ಟಿಕಲ್ ಫ್ಲೋ ಎಂಬ ಇನ್ನೊಂದು ಆಯ್ಕೆ ಇದೆ, ಹೆಸರು ಕೇಳಿ ಅದೇ ಉತ್ತಮ ಎಂದು ಹಲವರು ಹಾಕುತ್ತಾರೆ. ಅದು ವಸ್ತು ಎಲ್ಲಿಂದ ಎಲ್ಲಿಗೆ ಸರಿಯಿತು ಎಂದು ಊಹಿಸಿ ನಡುವಿನ ಫ್ರೇಮನ್ನು ತಾನೇ ಬರೆಯುತ್ತದೆ. ಸಾವಿರಾರು ಹನಿಗಳಲ್ಲಿ ಯಾವುದು ಯಾವುದೆಂದು ಅದಕ್ಕೆ ತಿಳಿಯದೆ ಹಿಂದಿನ ಎಲೆಯೆಲ್ಲ ಬಿಸಿ ಹಬೆಯ ಆಚೆ ಇದ್ದಂತೆ ನಡುಗುತ್ತದೆ. ಮಳೆ, ಹೊಗೆ, ನೊರೆ ಇರುವಲ್ಲಿ ಅದನ್ನು ಬಳಸಬೇಡಿ.

ಈಗ ಬಣ್ಣ. ಇಲ್ಲಿ ನಾನು ಒತ್ತಿ ಹೇಳಬೇಕಾದ ಒಂದು ಮಾತಿದೆ. ಹೊಂದಿಸುವುದು ಎಂದರೆ ಎಲ್ಲವನ್ನೂ ಒಂದೇ ತರಹ ಮಾಡುವುದಲ್ಲ. ನಮ್ಮ ತುಣುಕಿಗೂ ತಂದ ತುಣುಕಿಗೂ ಎರಡು ಬಗೆಯ ವ್ಯತ್ಯಾಸ ಇರುತ್ತದೆ. ಒಂದು, ಕ್ಯಾಮೆರಾ ಬೇರೆಯಾದದ್ದರಿಂದ ಮತ್ತು ಬಣ್ಣ ಹಚ್ಚಿದವರು ಬೇರೆಯಾದದ್ದರಿಂದ ಬಂದದ್ದು. ಇನ್ನೊಂದು, ಜನವರಿ ಬೇರೆ ಜೂನ್ ಬೇರೆ ಆದದ್ದರಿಂದ ಬಂದದ್ದು. ಮೊದಲನೆಯದನ್ನು ಅಳಿಸಬೇಕು, ಎರಡನೆಯದನ್ನು ಉಳಿಸಬೇಕು. ಇದನ್ನು ಮರೆತು ಮಳೆಯ ತುಣುಕನ್ನು ಜನವರಿಯ ಬಿಸಿಲಿನ ಅಜ್ಜನ ಮುಖಕ್ಕೆ ಹೊಂದಿಸಲು ಹೊರಟರೆ ಮಳೆ ಹಳದಿಯಾಗುತ್ತದೆ, ಮೋಡಕ್ಕೆ ಬಿಸಿಲು ಬಂದಂತಾಗುತ್ತದೆ. ಆಗ ಮಳೆಗಾಲವೇ ಹೋಯಿತು.

ಹಾಗಾದರೆ ಯಾವುದಕ್ಕೆ ಹೊಂದಿಸಬೇಕು? ತನ್ನದೇ ತುಣುಕುಗಳಲ್ಲಿ ಬೆಳಕು ಮಳೆಗಾಲಕ್ಕೆ ಹತ್ತಿರವಿರುವ ಒಂದನ್ನು ಹುಡುಕು ಎಂದೆ. ಸಿಕ್ಕಿತು. ಸೂರ್ಯ ಹುಟ್ಟುವ ಮುಂಚೆ ಮಂಜು ಮುಸುಕಿದ ತೋಟದ ಒಂದು ದೃಶ್ಯವನ್ನು ಅವಳು ಶೀರ್ಷಿಕೆಯ ಹಿಂದೆ ಹಾಕಲೆಂದು ತೆಗೆದಿದ್ದಳು. ನೆರಳಿಲ್ಲ, ಆಕಾಶದಿಂದ ಸಮನಾಗಿ ಇಳಿದ ಬೂದು ಬೆಳಕು, ಒದ್ದೆ ಸೋಗೆ. ಅದೇ ಕ್ಯಾಮೆರಾ, ಅದೇ ತೋಟ. ಆ ಕ್ಯಾಮೆರಾ ಮೋಡದ ಬೆಳಕನ್ನು ಹೇಗೆ ಕಾಣುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ. ಚಿತ್ರ ತೆಗೆಯುವವರು ಯಾವ ಊರಿಗೆ ಹೋದರೂ ಮೋಡ ಕವಿದ ಹೊತ್ತಿನಲ್ಲೋ ನಸುಕಿನಲ್ಲೋ ಅರ್ಧ ನಿಮಿಷದ ದೃಶ್ಯವೊಂದನ್ನು ಇಟ್ಟುಕೊಂಡಿದ್ದರೆ ಆಮೇಲೆ ಹೀಗೆ ಒದಗುತ್ತದೆ. ಆ ಮಂಜಿನ ದೃಶ್ಯದಿಂದ ಒಂದು ಸ್ಟಿಲ್ ಹಿಡಿದು ಪರದೆಯ ಅರ್ಧಕ್ಕೆ ಇಟ್ಟು, ಇನ್ನರ್ಧದಲ್ಲಿ ಸ್ಟಾಕ್ ತುಣುಕನ್ನು ಇಟ್ಟುಕೊಂಡೆವು.

ಕಣ್ಣನ್ನು ಮಾತ್ರ ನಂಬಬಾರದು. ಹತ್ತು ನಿಮಿಷ ನೀಲಿ ಛಾಯೆಯ ದೃಶ್ಯ ನೋಡುತ್ತಿದ್ದರೆ ಕಣ್ಣು ಅದಕ್ಕೇ ಒಗ್ಗಿ, ನೀಲಿಯೇ ಬಿಳಿ ಎನ್ನುತ್ತದೆ. ಅದಕ್ಕಾಗಿ ವೇವ್‌ಫಾರ್ಮ್ ಎಂಬ ನಕ್ಷೆ ಇದೆ. ಚಿತ್ರದ ಎಡಬಲ ನಕ್ಷೆಯಲ್ಲೂ ಎಡಬಲವೇ. ಕೆಳಗಿನಿಂದ ಮೇಲಕ್ಕೆ 0ಯಿಂದ 1023ರವರೆಗೆ ಬೆಳಕಿನ ಅಳತೆ. ಮಂಜಿನ ದೃಶ್ಯದಲ್ಲಿ ಮರಗಳ ಬುಡದ ಕಪ್ಪು 70ರ ಸುಮಾರಿನಲ್ಲಿತ್ತು. ಎಲೆಯ ತುಣುಕಿನ ಅತಿ ಕಪ್ಪು ಜಾಗವೂ 140ಕ್ಕಿಂತ ಕೆಳಗೆ ಇಳಿದಿರಲಿಲ್ಲ. ತೆಗೆದವರು ಹಳೆಯ ಫಿಲ್ಮಿನ ಮಾಸಲು ಸೊಗಸು ಬರಲೆಂದು ಕಪ್ಪನ್ನು ಮೇಲೆತ್ತಿದ್ದರು. ಸ್ಟಾಕ್ ತುಣುಕು ಪರಕೀಯವಾಗಿ ಕಾಣಲು ಹತ್ತರಲ್ಲಿ ಎಂಟು ಸಲ ಇದೇ ಕಾರಣ ಎಂದು ನನ್ನ ಅನುಭವ. ಬಣ್ಣ ಎಂದು ಎಲ್ಲರೂ ಹೇಳುತ್ತಾರೆ, ನಿಜವಾಗಿ ಬೇರೆಯಾಗಿರುವುದು ಕಪ್ಪು. ಲಿಫ್ಟ್ ಚಕ್ರವನ್ನು ಇಳಿಸಿ ಕಪ್ಪನ್ನು 70ಕ್ಕೆ ತಂದ ಕೂಡಲೇ ಎರಡೂ ಅರ್ಧಗಳು ಹತ್ತಿರ ಬಂದವು.

ಬೆಳಕಿನ ಕಡೆ ಅಷ್ಟೇ ಎಚ್ಚರ ಬೇಕು. ಮಂಜಿನ ದೃಶ್ಯದಲ್ಲಿ ಸೋಗೆಯ ನಡುವೆ ಆಕಾಶ ಇಣುಕುತ್ತಿತ್ತು, ಅದು 800ರ ಹತ್ತಿರ. ಎಲೆಯ ತುಣುಕಿನಲ್ಲಿ ಆಕಾಶವೇ ಇಲ್ಲ. ಅದರ ಅತಿ ಬೆಳಕಿನ ಜಾಗವನ್ನು 800ಕ್ಕೆ ಏರಿಸಿದರೆ ಎಲೆ ದೀಪದಂತೆ ಹೊಳೆಯುತ್ತದೆ. ಒದ್ದೆ ಸೋಗೆಯನ್ನು ಒದ್ದೆ ಎಲೆಗೆ ಹೋಲಿಸಬೇಕು, ಆಕಾಶವನ್ನು ಆಕಾಶಕ್ಕೆ. ಸೋಗೆಯ ಮೇಲಿನ ಹೊಳಪು 520ರ ಆಸುಪಾಸಿನಲ್ಲಿತ್ತು, ಎಲೆಯ ಹೊಳಪನ್ನೂ ಅಲ್ಲಿಗೇ ತಂದೆವು.

ಇಷ್ಟಾದ ಮೇಲೆ ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆಯಾಗಿ ತೋರಿಸುವ ಪರೇಡ್ ನಕ್ಷೆ. ಸ್ವಂತ ಬಣ್ಣವಿಲ್ಲದ ವಸ್ತುವೊಂದನ್ನು ಎರಡೂ ಕಡೆ ಹುಡುಕಬೇಕು. ಸೂರಿನ ನೀರಿನ ತುಣುಕಿನಲ್ಲಿ ಕಲ್ಲಿನ ಮೆಟ್ಟಿಲು, ನಮ್ಮದರಲ್ಲಿ ಅಡಿಕೆ ಮರದ ಬೂದು ಕಾಂಡ. ಕಾಂಡದ ಮೇಲೆ ಮೂರೂ ಬಣ್ಣ ಹೆಚ್ಚುಕಡಿಮೆ ಸಮ, ನೀಲಿ ಕೂದಲೆಳೆಯಷ್ಟು ಮೇಲೆ. ಮೆಟ್ಟಿಲಿನ ಬೆಳಕಿನ ಭಾಗವೂ ಹಾಗೆಯೇ ಇತ್ತು. ನೆರಳಿನಲ್ಲಿ ಮಾತ್ರ ನೀಲಿ ಕೆಂಪಿಗಿಂತ ಬಹಳ ಮೇಲೆ. ಅಂದರೆ ನೆರಳಿಗೆ ಮಾತ್ರ ನೀಲಿ ಹೊಯ್ದಿದ್ದಾರೆ. ಇಂಥಲ್ಲಿ ಇಡೀ ಚಿತ್ರವನ್ನು ಬೆಚ್ಚಗೆ ಮಾಡಿದರೆ ನೆರಳು ಸರಿಹೋಗಿ ಬೆಳಕು ಹಳದಿಯಾಗುತ್ತದೆ. ಲಿಫ್ಟ್‌ನಲ್ಲಿ ನೀಲಿಯನ್ನಷ್ಟೇ ಇಳಿಸಿ ಸರಿಪಡಿಸಿದೆವು. ಬೆಳಕಿನಲ್ಲಿದ್ದ ಆ ಕೂದಲೆಳೆಯಷ್ಟು ನೀಲಿಯನ್ನು ಮುಟ್ಟಲಿಲ್ಲ. ಅದು ಮಳೆಗಾಲದ್ದು.

ಹಸಿರಿಗೆ ಬೇರೆಯೇ ಕೆಲಸ. ಅಡಿಕೆ ಸೋಗೆಯ ಹಸಿರಿನಲ್ಲಿ ಹಳದಿಯ ಅಂಶ ಇರುತ್ತದೆ. ತಂದ ಎಲೆಯ ಹಸಿರು ನೀಲಿಯ ಕಡೆ ವಾಲಿತ್ತು, ಗಾಢವೂ ಆಗಿತ್ತು. ಹ್ಯೂ ವರ್ಸಸ್ ಹ್ಯೂ ಎಂಬ ರೇಖೆಯಲ್ಲಿ ಹಸಿರನ್ನಷ್ಟೇ ಹಿಡಿದು ತುಸು ಹಳದಿಯ ಕಡೆ ಸರಿಸಿ, ಹ್ಯೂ ವರ್ಸಸ್ ಸ್ಯಾಚುರೇಶನ್‌ನಲ್ಲಿ ಅದರ ಕಡುಪನ್ನು ಇಳಿಸಿದೆವು. ಇದನ್ನು ಕಪ್ಪು ಬೆಳಕು ಸರಿಯಾದ ಮೇಲೆಯೇ ಮಾಡಬೇಕು, ಏಕೆಂದರೆ ಕಪ್ಪನ್ನು ಇಳಿಸಿದಾಗ ಬಣ್ಣವೂ ಕಡುವಾಗುತ್ತದೆ. ಮೊದಲೇ ಬಣ್ಣ ಹೊಂದಿಸಿದರೆ ಎರಡು ಸಲ ಕೆಲಸ.

ಮೋಡದ ತುಣುಕಿನಲ್ಲಿ ಎಳೆದಾಟಕ್ಕೆ ಮಿತಿ ಕಂಡಿತು. ಉಚಿತ ತುಣುಕುಗಳು ಬಹುತೇಕ 8 ಬಿಟ್‌ನವು, ಒಂದೊಂದು ಬಣ್ಣಕ್ಕೂ 256 ಮೆಟ್ಟಿಲು ಮಾತ್ರ. ಅದರ ಮೇಲೆ ಸಾಕಷ್ಟು ಒತ್ತಿ ಚಿಕ್ಕದು ಮಾಡಿದ ಕಡತ. ನುಣುಪಾದ ಆಕಾಶವನ್ನು ಹೆಚ್ಚು ಎಳೆದರೆ ಆ ಮೆಟ್ಟಿಲುಗಳೇ ಪಟ್ಟೆಪಟ್ಟೆಯಾಗಿ ಎದ್ದು ಕಾಣುತ್ತವೆ. ನಾವು ಮೊದಲು ಆರಿಸಿದ್ದ ಮೋಡದಲ್ಲಿ ಅದೇ ಆಯಿತು. ಅದನ್ನು ಬಿಟ್ಟು, ಬೆಟ್ಟದ ಕಾಡು ಚೌಕಟ್ಟಿನ ಹೆಚ್ಚು ಪಾಲು ತುಂಬಿದ್ದ, ಮೋಡ ಒರಟಾಗಿದ್ದ ಇನ್ನೊಂದನ್ನು ತಂದೆವು. ಪಟ್ಟೆ ಕಂಡ ಮೇಲೆ ಮುಚ್ಚಲು ಹೆಣಗುವುದಕ್ಕಿಂತ ತುಣುಕನ್ನೇ ಬದಲಿಸುವುದು ಮೇಲು.

ಎಲ್ಲ ತುಣುಕುಗಳ ಮೇಲೂ ಒಂದೇ ಲಟ್ ಹಾಕಿದರೆ ಹೊಂದಿಕೆಯಾಗುತ್ತದೆ ಎಂದು ಕೆಲವರು ನಂಬಿದ್ದಾರೆ. ಆಗುವುದಿಲ್ಲ. ಲಟ್ ಎನ್ನುವುದು ಬಂದ ಬಣ್ಣವನ್ನು ಒಂದು ಪಟ್ಟಿಯ ಪ್ರಕಾರ ಬದಲಿಸುತ್ತದೆ. ಬೇರೆ ಬೇರೆಯಾಗಿ ಬಂದವು ಬೇರೆ ಬೇರೆಯಾಗಿಯೇ ಹೊರಡುತ್ತವೆ. ಮೊದಲು ಹೊಂದಿಸಿ, ಆಮೇಲೆ ಬೇಕಿದ್ದರೆ ಇಡೀ ಚಿತ್ರದ ಮೇಲೆ ಒಂದು ಲಟ್ ಹಾಕಿ.

ಹರಿತದ ವಿಷಯ ಬೇಗ ಮುಗಿಯುವಂಥದ್ದು. ಸ್ಟಾಕ್ ತುಣುಕುಗಳು 4ಕೆ ಗಾತ್ರದವು, ಅವಳದು ಫುಲ್ ಎಚ್‌ಡಿ. ದೊಡ್ಡದನ್ನು ಕುಗ್ಗಿಸಿದಾಗ ಎಲೆಯ ಅಂಚು ಕತ್ತಿಯಂತೆ ಹರಿತವಾಗುತ್ತದೆ, ಅವಳ ಸೋಗೆ ಅದರ ಮುಂದೆ ಮೆತ್ತಗೆ ಕಾಣುತ್ತದೆ. ಅವಳದನ್ನು ಹರಿತ ಮಾಡಲು ಹೋಗಬಾರದು, ಅಂಚಿನ ಸುತ್ತ ಬಿಳಿ ಗೆರೆ ಬರುತ್ತದೆ. ತಂದದ್ದನ್ನೇ ತುಸು ಮೃದುಗೊಳಿಸಬೇಕು. ರಿಸಾಲ್ವ್‌ನ ಬ್ಲರ್ ಆಯ್ಕೆಯಲ್ಲಿ 0.50 ಎಂದಿರುವುದನ್ನು 0.52ಕ್ಕೋ 0.53ಕ್ಕೋ ಏರಿಸಿದರೆ ಸಾಕು. ಇದನ್ನು ಚಿತ್ರವನ್ನು ಅದರ ಪೂರ್ತಿ ಗಾತ್ರದಲ್ಲಿ ಇಟ್ಟುಕೊಂಡೇ ನೋಡಬೇಕು, ಸಣ್ಣ ಕಿಟಕಿಯಲ್ಲಿ ಗೊತ್ತಾಗುವುದಿಲ್ಲ.

ಬಾನುಲಿಯಲ್ಲಿ ಕೂತು ಮಾತಾಡುವಾಗ ಶಬ್ದದ ವಿಚಾರಕ್ಕೆ ಸಂತೋಷದಿಂದಲೇ ಬರುತ್ತೇನೆ. ಚಿತ್ರ ಎಷ್ಟು ಹೊಂದಿದರೂ ಅದನ್ನು ಒಂದೇ ಜಾಗವನ್ನಾಗಿ ಮಾಡುವುದು ಶಬ್ದ. ಸ್ಟಾಕ್ ತುಣುಕುಗಳಲ್ಲಿ ಬಹುಪಾಲು ಶಬ್ದವೇ ಇರುವುದಿಲ್ಲ. ಇದ್ದರೂ ತೆಗೆದುಹಾಕಿ, ಅದರಲ್ಲಿ ಬೇರೆಯವರ ಸಂಗೀತ ಸೇರಿದ್ದರೆ ಹಕ್ಕಿನ ತಕರಾರು ಬರಬಹುದು. ಮಳೆಯ ಶಬ್ದಕ್ಕೆ ಫ್ರೀಸೌಂಡ್ ಎಂಬ ತಾಣವಿದೆ. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದವರು 2005ರಲ್ಲಿ ಶುರು ಮಾಡಿದ್ದು. ಅಲ್ಲಿಯೂ ಒಂದೊಂದು ಶಬ್ದಕ್ಕೆ ಅದರ ಪರವಾನಗಿ ನೋಡಿಕೊಳ್ಳಬೇಕು. ಮಳೆ ಎಂದರೆ ಒಂದೇ ಶಬ್ದವಲ್ಲ. ತಗಡಿನ ಮೇಲೆ ಬೀಳುವುದು ಬೇರೆ, ಹಂಚಿನ ಮೇಲೆ ಬೀಳುವುದು ಬೇರೆ, ತೋಟದ ಸೋಗೆಯ ಮೇಲೆ ಬೀಳುವುದು ಬೇರೆ. ಅಜ್ಜನದು ಹಂಚಿನ ಮನೆ. ನಾವು ಮೊದಲು ಹಾಕಿದ್ದು ತಗಡಿನ ಮೇಲಿನ ಜೋರು ಮಳೆ, ಅದು ಅಜ್ಜನ ಮಾತನ್ನೂ ನುಂಗಿತು, ಮನೆಯನ್ನೂ ಬದಲಿಸಿತು. ತೆಗೆದು, ಎಲೆಗಳ ಮೇಲೆ ಒಂದೇ ಸಮ ಬೀಳುವ ಮಳೆಯನ್ನು ಹಾಕಿದೆವು.

ಅದನ್ನು ಮಳೆಯ ದೃಶ್ಯದ ಜೊತೆಗೇ ಶುರು ಮಾಡಲಿಲ್ಲ. ಅಜ್ಜನ ಮುಖ ಇನ್ನೂ ಪರದೆಯ ಮೇಲಿರುವಾಗಲೇ, "ಮಳೆ ಹಿಡೀತು ಅಂದ್ರೆ" ಎನ್ನುವ ಹೊತ್ತಿಗೆ, ದೃಶ್ಯಕ್ಕಿಂತ ಎರಡು ಸೆಕೆಂಡು ಮುಂಚೆ ಸಣ್ಣಗೆ ಶುರುವಾಗಿ ಬೆಳೆಯುತ್ತದೆ. ಮೋಡ, ಎಲೆ, ಸೂರು, ಮೂರರ ಕೆಳಗೂ ಕಡಿಯದೆ ಒಂದೇ ಶಬ್ದ ಹರಿಯುತ್ತದೆ. ಅಜ್ಜನ ಮುಖಕ್ಕೆ ಮರಳಿದ ಮೇಲೂ ಒಂದೆರಡು ಸೆಕೆಂಡು ಉಳಿದು ಕರಗುತ್ತದೆ. ಆ ಶಬ್ದದ ಅಡಿಯಲ್ಲಿ ಅವಳೇ ಜನವರಿಯಲ್ಲಿ ತೋಟದಲ್ಲಿ ದಾಖಲಿಸಿದ್ದ ಸದ್ದನ್ನು ತೀರಾ ಸಣ್ಣದಾಗಿ ಇಟ್ಟೆವು. ಹಿಂದಿನ ದೃಶ್ಯದಲ್ಲಿ ಕೇಳಿದ ಅದೇ ಗಾಳಿ ಮಳೆಯ ಒಳಗೂ ಇದ್ದರೆ ಕಿವಿ ಅದನ್ನು ಒಂದೇ ಊರು ಎಂದು ಒಪ್ಪುತ್ತದೆ.

ಚಿತ್ರವನ್ನು ಮುಗಿಸುವ ಮೊದಲು ಅಜ್ಜನ ಮನೆಯಲ್ಲೇ ನೆರೆಹೊರೆಯ ನಾಲ್ಕಾರು ಜನಕ್ಕೆ ತೋರಿಸಿದಳು, ಏನೂ ಹೇಳದೆ. ಬಣ್ಣದ ಬಗ್ಗೆ ಯಾರೂ ಮಾತಾಡಲಿಲ್ಲ. ಒಬ್ಬ ಹೆಂಗಸು ಮಾತ್ರ ಕೇಳಿದರು: "ಆ ಎಲೆ ಯಾವುದು ಮಾರಾಯ್ತಿ? ಕೆಸುವೂ ಅಲ್ಲ, ಅರಿಶಿನದ್ದೂ ಅಲ್ಲ." ಯಾವುದೋ ಉದ್ಯಾನದ ಅಲಂಕಾರದ ಗಿಡ ಅದು. ನಾವು ಎಲೆಯ ತುಣುಕನ್ನು ಮತ್ತೆ ತೆರೆದು, 4ಕೆ ಗಾತ್ರದ ಅನುಕೂಲ ಬಳಸಿಕೊಂಡು ಎಲೆಯ ಅಂಚು ಕಾಣದಂತೆ ನಡುಭಾಗವನ್ನಷ್ಟೇ ಹಿಗ್ಗಿಸಿದೆವು. ಈಗ ನರಗಳು, ಹನಿ, ಹರಿಯುವ ನೀರು ಮಾತ್ರ. ಅವಧಿಯನ್ನೂ ಆರು ಸೆಕೆಂಡಿನಿಂದ ಮೂರಕ್ಕೆ ಇಳಿಸಿದೆವು. ಹೊರಗಿನ ತುಣುಕು ಪರದೆಯ ಮೇಲೆ ಹೆಚ್ಚು ಹೊತ್ತು ನಿಂತಷ್ಟೂ ಜನ ಅದನ್ನು ಪರೀಕ್ಷಿಸಲು ತೊಡಗುತ್ತಾರೆ.

ಕೊನೆಯ ಪಟ್ಟಿಯಲ್ಲಿ, ಮಳೆಯ ಮೂರು ದೃಶ್ಯಗಳು ಈ ತೋಟದವಲ್ಲ, ಬೇರೆಡೆ ತೆಗೆದವು ಎಂದು ಬರೆದು, ತೆಗೆದವರ ಹೆಸರುಗಳನ್ನೂ ಹಾಕಿದಳು. ಪರವಾನಗಿ ಅದನ್ನು ಕೇಳಿರಲಿಲ್ಲ. ಕೊಳೆ ರೋಗದ ಬಗ್ಗೆ ನಿಜ ಹೇಳಲು ಹೊರಟ ಚಿತ್ರಕ್ಕೆ ಅದು ಬೇಕಿತ್ತು ಎಂದು ನಾನೂ ನಂಬುತ್ತೇನೆ. ಆ ಮೂರು ತುಣುಕಿನ ಬಣ್ಣದ ಹೊಂದಿಕೆಯನ್ನು, ಮಂಜಿನ ದೃಶ್ಯದ ಸ್ಟಿಲ್ಲನ್ನು ಅವಳು ಪ್ರಾಜೆಕ್ಟಿನಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾಳೆ. ಮುಂದಿನ ಮಳೆಗಾಲದಲ್ಲಿ ಅದೇ ಕ್ಯಾಮೆರಾವನ್ನು 25 ಫ್ರೇಮಿಗೆ, ಐವತ್ತರಲ್ಲಿ ಒಂದು ಭಾಗದ ಶಟರಿಗೆ ಇಟ್ಟು ಅಜ್ಜನ ಸೂರಿನ ಕೆಳಗೇ ನಿಂತು ಮೂರು ದೃಶ್ಯ ತೆಗೆದರೆ, ಅದೇ ಜಾಗಗಳಲ್ಲಿ ಅದೇ ಉದ್ದಕ್ಕೆ ಅವನ್ನು ಕೂರಿಸಬಹುದು.